ಒಂಬತ್ತನೇ ತರಗತಿ, ಮೊಡವೆ ಮತ್ತು ಮೇಷ್ಟ್ರ ಮಾತು

ಹದಿಹರೆಯದ ಮಕ್ಕಳಿಗೆ ರೂಪದ ಬಗ್ಗೆ ಹೇಳಲು ನಿಂತ ಶಿಕ್ಷಕರು ಬಹುತೇಕ ‘ರೂಪ ಮುಖ್ಯವಲ್ಲ, ಗುಣ ಮುಖ್ಯ’ ಎಂದೇ ಶುರುಮಾಡುತ್ತಾರೆ. ಭಾಷಣ ಅಲ್ಲಿಗೇ ಬಿದ್ದುಹೋಗುತ್ತದೆ. ಮದುವೆಮನೆಯಲ್ಲಿ ಯಾರ ಮೈಬಣ್ಣದ ಬಗ್ಗೆ ಏನು ಮಾತು ಬಂತು, ಶಾಲಾ ವಾರ್ಷಿಕೋತ್ಸವದ ನೃತ್ಯದಲ್ಲಿ ಮುಂದಿನ ಸಾಲಿಗೆ ಯಾರನ್ನು ಆರಿಸಿದರು ಎಂಬುದನ್ನು ಒಂಬತ್ತನೇ ತರಗತಿಯ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಲೋಕ ರೂಪಕ್ಕೆ ಬೆಲೆ ಕಟ್ಟುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮುಂದೆ ಹೋಗುವವರ ಮಾತನ್ನು ಅವರು ಕೇಳುತ್ತಾರೆ. ಈ ಚರ್ಮಕ್ಕೆ ಏನು ಬೇಕು ಎಂಬುದು ಒಂದು ಪ್ರಶ್ನೆ, ನನ್ನ ಯೋಗ್ಯತೆ ಏನು ಎಂಬುದು ಇನ್ನೊಂದು. ಎರಡನ್ನೂ ಬಿಡಿಸಿಡುವುದೇ ಇಂಥ ಭಾಷಣದ ಕೆಲಸ. ಅದಕ್ಕೆ ಮೊಡವೆಗಿಂತ ಒಳ್ಳೆಯ ವಿಷಯ ಸಿಗಲಾರದು.

ಮೊದಲ ಪ್ರಶ್ನೆಗೆ ಉತ್ತರ ವಿಜ್ಞಾನದ ಪಾಠದಷ್ಟೇ ಸರಳ. ಹರೆಯದಲ್ಲಿ ಹಾರ್ಮೋನುಗಳು ಹೆಚ್ಚಿದಂತೆ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಆ ಜಿಡ್ಡು ಸತ್ತ ಜೀವಕೋಶಗಳ ಜೊತೆ ಸೇರಿ ರೋಮರಂಧ್ರವನ್ನು ಮುಚ್ಚುತ್ತದೆ. ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದಾಗ ಮೊಡವೆ ಕೆಂಪಗೆ ಉಬ್ಬುತ್ತದೆ. ಅದು ಕೊಳಕಿನಿಂದ ಬಂದದ್ದಲ್ಲ. ಹತ್ತು ಸಲ ತಿಕ್ಕಿ ತೊಳೆದರೆ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ದಿನಕ್ಕೆ ಎರಡು ಸಲ ಮೃದುವಾದ ಸೋಪಿನಿಂದ ತೊಳೆದರೆ ಸಾಕು. ನಿಂಬೆರಸ, ಟೂತ್‌ಪೇಸ್ಟ್ ಚರ್ಮವನ್ನು ಕೆರಳಿಸುತ್ತವೆ. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದರೆ ಅಲ್ಲೂ ಮೊಡವೆ ಏಳಬಹುದು. ಚಿವುಟಿದರೆ ಕಲೆ ಉಳಿಯುತ್ತದೆ. ವೈದ್ಯರು ಕೊಡುವ ಬೆನ್ಜಾಯಿಲ್ ಪೆರಾಕ್ಸೈಡ್‌ನಂಥ ಮುಲಾಮಿನ ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಇದನ್ನು ಹೇಳದಿದ್ದರೆ ಮಕ್ಕಳು ನಾಲ್ಕನೇ ದಿನಕ್ಕೆ ಮುಲಾಮು ಬಿಟ್ಟು ಬೇರೇನನ್ನೋ ಹುಡುಕುತ್ತಾರೆ.

ಹಾಗೆ ಹುಡುಕುವಾಗ ಕೈಗೆ ಸಿಗುವುದು ಅನೇಕ ಸಲ ಸ್ಟೀರಾಯ್ಡ್ ಬೆರೆತ ಕ್ರೀಮು. ಹಚ್ಚಿದ ಕೆಲವೇ ದಿನಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಟ್ಟೊಡನೆ ಮೊಡವೆ ಇಮ್ಮಡಿಯಾಗಿ ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಮಾಡಿತು. ಆದರೂ ಮೆಡಿಕಲ್ ಶಾಪಿನಲ್ಲಿ ಅವನ್ನು ಹೆಸರು ಹೇಳಿ ಕೊಂಡುತರುವವರು ಇದ್ದಾರೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಈ ಮೂರು ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಉಪದೇಶಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎರಡನೇ ಪ್ರಶ್ನೆ ಕಷ್ಟದ್ದು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆ ಈ ವಯಸ್ಸಿಗೆ ಸಹಜ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು ಕಾಲ್ಪನಿಕ ಪ್ರೇಕ್ಷಕರು ಎಂದು ಕರೆದರು. ಈ ಪ್ರೇಕ್ಷಕರ ಲೆಕ್ಕ ಎಷ್ಟು ತಪ್ಪಬಹುದು ಎಂಬುದು ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಮುಜುಗರ ತರುವಂಥ ಟೀ ಶರ್ಟನ್ನು ತೊಡಿಸಿದರು. ಅದರ ಮೇಲೆ ಗಾಯಕ ಬ್ಯಾರಿ ಮ್ಯಾನಿಲೋ ಚಿತ್ರವಿತ್ತು. ಇತರರು ಕೂತಿದ್ದ ಕೋಣೆಗೆ ಒಂದಿಷ್ಟು ಹೊತ್ತು ಕಳಿಸಿ, ಹೊರಗೆ ಕರೆದು, ಎಷ್ಟು ಜನ ಚಿತ್ರವನ್ನು ಗುರುತಿಸಿರಬಹುದು ಎಂದು ಕೇಳಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಎಂಬುದು ತೊಟ್ಟವರ ಅಂದಾಜು. ನಿಜವಾಗಿ ಗುರುತಿಸಿದವರು ಕಾಲುಭಾಗದಷ್ಟು.

ಈ ಕಾಲುಭಾಗವನ್ನು ಮಕ್ಕಳಿಂದ ಮುಚ್ಚಿಡಬಾರದು. ಯಾರೂ ನೋಡುವುದಿಲ್ಲ ಎಂದರೆ ಅದು ಸುಳ್ಳು. ಕೆಲವರು ನೋಡುತ್ತಾರೆ, ತರಗತಿಯಲ್ಲಿ ಒಬ್ಬಿಬ್ಬರು ಅಡ್ಡಹೆಸರನ್ನೂ ಇಡುತ್ತಾರೆ. ಅದನ್ನು ನಿಲ್ಲಿಸುವುದು ಶಿಕ್ಷಕರ ಹೊಣೆ, ಹೀಯಾಳಿಸಿಕೊಂಡ ಮಗುವಿನ ಆತ್ಮವಿಶ್ವಾಸದ ಹೊಣೆಯಲ್ಲ. ಶಿಕ್ಷಕರ ಕೊಠಡಿಯಲ್ಲೇ ‘ಆ ಕಪ್ಪು ಹುಡುಗಿ’ ಎಂದು ಗುರುತು ಹೇಳುವ ಅಭ್ಯಾಸವಿದ್ದರಂತೂ ಭಾಷಣ ಮಾಡದಿರುವುದೇ ಲೇಸು.

ಆರೈಕೆ ಎಲ್ಲಿ ಮುಗಿದು ಯೋಗ್ಯತೆಯ ಲೆಕ್ಕ ಎಲ್ಲಿ ಶುರುವಾಯಿತು ಎಂಬುದನ್ನು ಕನ್ನಡಿಯ ಮುಂದೆ ಕಳೆದ ಹೊತ್ತಷ್ಟರಿಂದಲೇ ಅಳೆಯಲಾಗದು. ಮುಖದ ದೆಸೆಯಿಂದ ಏನೇನು ಕೈಬಿಟ್ಟುಹೋಯಿತು ಎಂದು ನೋಡಬೇಕು. ಮುಖ ತೊಳೆದು, ಮುಲಾಮು ಹಚ್ಚಿ, ತಲೆ ಬಾಚಿಕೊಂಡು ಶಾಲೆಗೆ ಬಂದವಳದು ಆರೈಕೆ. ಮೊಡವೆ ಎದ್ದಿದೆಯೆಂದು ಉತ್ತರ ಗೊತ್ತಿದ್ದೂ ಹಲಗೆಯ ಬಳಿ ಹೋಗದವನು, ಗುಂಪು ಫೋಟೋದ ದಿನ ರಜೆ ಹಾಕುವವಳು ತಮ್ಮ ಬೆಲೆಯನ್ನು ಮುಖಕ್ಕೆ ಕಟ್ಟಿಕೊಂಡಿದ್ದಾರೆ. ಅಂಥವರನ್ನು ಎಲ್ಲರೆದುರು ಎಬ್ಬಿಸಿ ಧೈರ್ಯ ಹೇಳಿದರೆ ಕಾಲ್ಪನಿಕ ಪ್ರೇಕ್ಷಕರು ನಿಜವಾಗಿಬಿಡುತ್ತಾರೆ. ಅವರೊಡನೆ ಆಮೇಲೆ, ಒಂಟಿಯಾಗಿ ಮಾತಾಡಬೇಕು. ಊಟ ಬಿಡುವುದು, ದಿನವೂ ಗಂಟೆಗಟ್ಟಲೆ ಇಲ್ಲದ ದೋಷವನ್ನು ಕನ್ನಡಿಯಲ್ಲಿ ಹುಡುಕುವುದು, ವಾರಗಟ್ಟಲೆ ಶಾಲೆ ತಪ್ಪಿಸುವುದು ಕಂಡುಬಂದರೆ ಭಾಷಣದಿಂದ ಏನೂ ಆಗದು. ಮನೆಯವರಿಗೆ ತಿಳಿಸಿ ಮನೋವೈದ್ಯರ ಬಳಿ ಕಳಿಸಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.