ಒಬ್ಬ ಮಂಜುನಾಥ, ಎರಡು ಖಾತೆ

ಹಾರ್ಡ್‌ವೇರ್ ಅಂಗಡಿಯ ಕಂಪ್ಯೂಟರಿನಲ್ಲಿ ಒಬ್ಬನೇ ಗಿರಾಕಿ ಎರಡು ಸಲ ಹುಟ್ಟುವುದು ಬಲು ಸುಲಭ. ಬೆಳಗಿನ ಹುಡುಗ Manjunath K R ಎಂದು ಖಾತೆ ತೆರೆದಿರುತ್ತಾನೆ. ಸಂಜೆಯವನು ಹುಡುಕಿ, ಸಿಗದೆ, K.R.Manjunatha ಎಂದು ಹೊಸದನ್ನು ಬರೆಯುತ್ತಾನೆ. ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಲು ಒಂದೇ ದಾರಿಯಿಲ್ಲ: Gowda, Gouda, Lakshmi, Laxmi, ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ.

ಹಾಗಾಗಿ ಜೋಡಿಗಳನ್ನು ಹುಡುಕಲು ಹೆಸರಿಗಿಂತ ಮೊಬೈಲ್ ಸಂಖ್ಯೆ ಮೇಲು. ಮುಂದಿನ +91, ಸೊನ್ನೆ, ನಡುವಿನ ಜಾಗ ಎಲ್ಲ ತೆಗೆದು, ಕೊನೆಯ 10 ಅಂಕಿಗಳನ್ನಷ್ಟೇ ಉಳಿಸಿ ಹೋಲಿಸಬೇಕು. ಆದರೆ ಸಂಖ್ಯೆ ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಎನ್ನುವಂತಿಲ್ಲ. ಅಪ್ಪನ ಖಾತೆಗೂ ಮಗನ ಖಾತೆಗೂ ಮನೆಯ ಒಂದೇ ನಂಬರ್ ಇರುತ್ತದೆ. ಮೇಸ್ತ್ರಿ ತನ್ನ ನಂಬರನ್ನೇ ನಾಲ್ಕು ಮನೆಯವರ ಬಿಲ್ಲಿಗೆ ಕೊಟ್ಟಿರುತ್ತಾನೆ. ಕಂಪ್ಯೂಟರ್ ಅನುಮಾನದ ಪಟ್ಟಿ ಕೊಡಲಿ, ತೀರ್ಮಾನವನ್ನು ಗಿರಾಕಿಯ ಮುಖ ಬಲ್ಲವರೇ ಮಾಡಲಿ.

ವ್ಯಾಪಾರಿ ಗಿರಾಕಿಯಾದರೆ ಜಿಎಸ್‌ಟಿ ಸಂಖ್ಯೆ ನೋಡಬೇಕು. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಗುರುತು, ನಂತರದ ಹತ್ತು ಪ್ಯಾನ್. ಪ್ಯಾನ್ ಒಂದೇ ಇದ್ದು, ಒಂದು ಕರ್ನಾಟಕದ 29ರಿಂದ, ಇನ್ನೊಂದು ಗೋವಾದ 30ರಿಂದ ಶುರುವಾದರೆ ಮಾಲೀಕ ಒಬ್ಬನೇ, ನೋಂದಣಿ ಬೇರೆ. ಅವನ್ನು ಕೂಡಿಸಲೇಬಾರದು. ಪ್ರತಿ ಬಿಲ್ಲೂ ಅದರದರ ಸಂಖ್ಯೆಯ ಹೆಸರಿನಲ್ಲೇ ತೆರಿಗೆ ಲೆಕ್ಕಕ್ಕೆ ಹೋಗಿರುತ್ತದೆ.

ಇಬ್ಬರೂ ಒಬ್ಬನೇ ಎಂದು ಖಚಿತವಾಯಿತು ಅನ್ನೋಣ. ಉದಾಹರಣೆಗೆ, ಹಳೆಯ ಖಾತೆಯಲ್ಲಿ ಎರಡು ಬಾಕಿ ಇವೆ: ಮಾರ್ಚ್ ತಿಂಗಳ 8,000 ರೂಪಾಯಿಯ ಬಣ್ಣದ ಬಿಲ್ಲಿನಲ್ಲಿ 3,000 ಬಂದು ಉಳಿದ 5,000, ಜೂನ್ ಬಿಲ್ಲಿನ 13,400. ಒಟ್ಟು 18,400. ಹೊಸ ಖಾತೆಯಲ್ಲಿ ಗಿರಾಕಿಯದೇ ದುಡ್ಡು ಜಮಾ ಇದೆ: ಬಾಗಿಲಿನ ಆರ್ಡರಿಗೆ ಕೊಟ್ಟ ಮುಂಗಡ 5,000, ವಾಪಸು ಬಂದ ಬಣ್ಣದ ಡಬ್ಬಿಗಳ 1,200.

ಹೆಚ್ಚಿನವರು ಇಲ್ಲಿ ಮಾಡುವುದು ಒಂದೇ ಕೆಲಸ. 18,400ನ್ನು ಇವತ್ತಿನ ತಾರೀಖಿನಲ್ಲಿ ಒಂದೇ ಜರ್ನಲ್ ನಮೂದಿನಿಂದ ಹೊಸ ಖಾತೆಗೆ ದಾಟಿಸಿ, ಹಳೆಯದನ್ನು ಮುಚ್ಚಿಬಿಡುತ್ತಾರೆ. ನಿವ್ವಳ ಬಾಕಿ 12,200 ಎಂದು ಬರುತ್ತದೆ, ಅದು ಸರಿಯೂ ಹೌದು. ಮೊತ್ತ ತಾಳೆಯಾದ್ದರಿಂದಲೇ ಹಾನಿ ಕಣ್ಣಿಗೆ ಬೀಳುವುದಿಲ್ಲ. ಮಾರ್ಚ್ ಬಾಕಿ ಇವತ್ತು ಹುಟ್ಟಿದ್ದಾಗುತ್ತದೆ, ತಡವಾದ ಬಾಕಿಗಳ ಪಟ್ಟಿಯಿಂದ ಜಾರಿಕೊಳ್ಳುತ್ತದೆ. ಮಾಲಿನ ಹಣಕ್ಕೆ ದಾವೆ ಹೂಡಲು ಕಾನೂನು ಕೊಡುವ ಅವಧಿ ಸಾಮಾನ್ಯವಾಗಿ 3 ವರ್ಷ; ಉದ್ರಿಗೆ ಗಡುವು ಮಾತಾಗಿರದಿದ್ದರೆ ಅದು ಮಾಲು ಕೊಟ್ಟ ದಿನದಿಂದ ಎಣಿಕೆ. ಹೊಸ ತಾರೀಖು ನಂಬಿ ಕುಳಿತವನಿಗೆ ಆ ಅವಧಿ ಮೀರಿದ್ದೇ ಗೊತ್ತಾಗದು. ಇನ್ನೊಂದು, ತಂತ್ರಾಂಶ ಮುಂಗಡವನ್ನು ಬಾಕಿಗೆ ತಾನಾಗಿಯೇ ಮುರಿದುಕೊಂಡರೆ, ಬಾಗಿಲು ಬಂದ ದಿನ ಬಿಲ್ಲಿನಲ್ಲಿ ಮುಂಗಡವೇ ಕಾಣುವುದಿಲ್ಲ. ಗಿರಾಕಿ ಕೌಂಟರಿನಲ್ಲಿ ರೇಗುತ್ತಾನೆ, ರೇಗುವುದು ನ್ಯಾಯವೇ. ಮುಂದೆ ಯಾವಾಗಲೋ "ಆವತ್ತು ಒಯ್ದ ಬಣ್ಣವೇ ಬೇಕು" ಎಂದು ಬಂದರೆ, ಶೇಡ್ ನಂಬರ್ ಇರುವ ಬಿಲ್ಲು ಮುಚ್ಚಿದ ಖಾತೆಯಲ್ಲಿ ಉಳಿದಿರುತ್ತದೆ.

ದಾಟಿಸಬೇಕಾದದ್ದು ಮೊತ್ತವನ್ನಲ್ಲ, ಬಿಲ್ಲುಗಳನ್ನು. ಮೊದಲು ಬ್ಯಾಕಪ್. ಬಳಿಕ ಪ್ರತಿ ಬಿಲ್ಲು, ಪ್ರತಿ ರಸೀದಿ ತನ್ನ ಹಳೆಯ ಸಂಖ್ಯೆ, ತಾರೀಖಿನೊಂದಿಗೇ ಉಳಿಸಿಕೊಳ್ಳುವ ಖಾತೆಗೆ ಬರಬೇಕು. 3,000 ರೂಪಾಯಿಯ ರಸೀದಿ ಮಾರ್ಚ್ ಬಿಲ್ಲಿಗೇ ಅಂಟಿರಬೇಕು, ಮುಂಗಡ ಬಾಗಿಲಿನ ಆರ್ಡರಿಗೆ. ಗಿರಾಕಿಗೆ ಕೊಟ್ಟಾಗಿರುವ ಬಿಲ್ಲಿನ ಮೇಲಿನ ಹೆಸರನ್ನು ತಿದ್ದಬಾರದು. ಹಿಂದಿನ ವರ್ಷದ ಲೆಕ್ಕ ಮುಗಿದಿದ್ದು ಬಿಲ್ಲು ಮುಟ್ಟುವಂತಿಲ್ಲವಾದರೆ ಜರ್ನಲ್ ಅನಿವಾರ್ಯ; ಆಗಲೂ ಬಿಲ್ಲಿಗೊಂದು ಸಾಲು, ಪಕ್ಕದಲ್ಲಿ ಮೂಲ ಸಂಖ್ಯೆ ಮತ್ತು ತಾರೀಖು. ಹಳೆಯ ಖಾತೆಯನ್ನು ಅಳಿಸದೆ, ಹೊಸ ವಹಿವಾಟು ಬೀಳದಂತೆ ತಡೆದು, "ಇದು ಇಂಥ ಖಾತೆಗೆ ಸೇರಿದೆ" ಎಂದು ಗುರುತು ಹಾಕಿದರೆ ಸಾಕು. ಉದ್ರಿ ಮಿತಿ ಎರಡೂ ಕಡೆ 20,000 ಇದ್ದರೆ ಅದನ್ನು 40,000 ಮಾಡಬೇಡಿ. ಒಬ್ಬ ಮನುಷ್ಯನನ್ನು ಅಂಗಡಿ ನಂಬಿದ್ದು 20,000ಕ್ಕೇ.

ಕೊನೆಗೆ ತಾಳೆ ನೋಡುವಾಗ ನಿವ್ವಳ 12,200 ಒಂದನ್ನೇ ನೋಡಿದರೆ ಆಗಲಿಲ್ಲ. ಬಾಕಿ 18,400 ಬೇರೆ, ಜಮಾ 6,200 ಬೇರೆ, ಬಿಲ್ಲುಗಳ ಎಣಿಕೆ ಬೇರೆ. ಮೂರೂ ಮೊದಲಿನಷ್ಟೇ ಇರಬೇಕು. ಆಮೇಲೆ ಬಿಲ್ಲುವಾರು ಪಟ್ಟಿಯನ್ನು ಗಿರಾಕಿಗೇ ತೋರಿಸಿ. "ಮಾರ್ಚಿನದ್ದು ನಿಮ್ಮ ಹುಡುಗನ ಕೈಗೆ ಕೊಟ್ಟಿದ್ದೆನಲ್ಲಾ ಸ್ವಾಮಿ" ಎಂದರೆ ವಿಚಾರಿಸಬೇಕಾದದ್ದೇ. ಆದರೆ ಆ ತಿದ್ದುಪಡಿಯನ್ನು ಜೋಡಣೆಯೊಳಗೆ ತುರುಕದೆ, ಪ್ರತ್ಯೇಕ ನಮೂದಾಗಿ ಅದರದೇ ತಾರೀಖಿನಲ್ಲಿ ಬರೆಯಬೇಕು.