ಡ್ಯೂಕ್ ತರಿಸಿಕೊಂಡ ಹಳೆಯ ಸಂಚಿಕೆ

ಬ್ರನ್ಸ್‌ವಿಕ್‌ನಿಂದ ಪದಚ್ಯುತನಾಗಿದ್ದ ಡ್ಯೂಕ್ ತನ್ನ ಆಳನ್ನು ಲಂಡನ್ನಿನ ‘ವೀಕ್ಲಿ ಡಿಸ್ಪ್ಯಾಚ್’ ಪತ್ರಿಕೆಯ ಕಚೇರಿಗೆ ಕಳಿಸಿ 1830ರ ಒಂದು ಸಂಚಿಕೆ ತರಿಸಿಕೊಂಡ. ಅದು ಅಚ್ಚಾಗಿ ಹದಿನೇಳು ವರ್ಷ ಕಳೆದಿತ್ತು. ಅದರಲ್ಲಿ ಅವನ ಮಾನ ಕಳೆಯುವ ಬರಹವಿತ್ತು. ದಾವೆ ಹೂಡಲು ಇದ್ದ ಆರು ವರ್ಷದ ಗಡುವು ಎಂದೋ ಮುಗಿದಿತ್ತು. ಆದರೂ 1849ರಲ್ಲಿ ಕೋರ್ಟು ಅವನ ಪರ ನಿಂತಿತು: ಆಳಿನ ಕೈಗೆ ಪ್ರತಿ ಕೊಟ್ಟದ್ದೇ ಹೊಸ ಪ್ರಕಟಣೆ, ಗಡುವು ಅಲ್ಲಿಂದ ಎಣಿಸಬೇಕು.

ಈ ನಿಯಮ ಇಂಗ್ಲೆಂಡಿನಲ್ಲಿ ಬಹುಕಾಲ ಬಾಳಿತು. ಅಂತರ್ಜಾಲ ಬಂದ ಮೇಲೆ ಮಾತ್ರ ಕಷ್ಟವಾಯಿತು. ಹಳೆಯ ಪೋಸ್ಟನ್ನು ಯಾರು ತೆರೆದರೂ ಗಡುವು ಹೊಸದಾಗುವುದಾದರೆ ಗಡುವಿಗೆ ಅರ್ಥವೇ ಇಲ್ಲ. 2013ರ ಕಾಯ್ದೆಯಲ್ಲಿ ಅಲ್ಲಿನ ಸಂಸತ್ತು ಆ ನಿಯಮವನ್ನು ಕೈಬಿಟ್ಟಿತು. ಅದೇ ವರ್ಷ ದೆಹಲಿ ಹೈಕೋರ್ಟ್, ಫೇಸ್‌ಬುಕ್ ಪೋಸ್ಟಿನ ಒಂದು ದಾವೆಯಲ್ಲಿ, ಮೊದಲು ಪ್ರಕಟವಾದ ದಿನದಿಂದಲೇ ಎಣಿಕೆ ಎಂದು ಹೇಳಿ ದಾವೆಯನ್ನು ತಳ್ಳಿಹಾಕಿತು. ನಮ್ಮ ಕಾಲಮಿತಿ ಕಾಯ್ದೆಯಲ್ಲಿ ಮಾನಹಾನಿ ಪರಿಹಾರದ ದಾವೆಗೆ ಇರುವುದು ಒಂದೇ ವರ್ಷ.

ಆ ಒಂದು ವರ್ಷ ಹೇಗೆ ಜಾರಿಹೋಗುತ್ತದೆ ನೋಡಿ. ಬಡಾವಣೆಯ ಸಂಘದ ಖಜಾಂಚಿಯ ಬಗ್ಗೆ ‘ಇವರು ದೇಣಿಗೆ ನುಂಗಿದ್ದಾರೆ’ ಎಂದು ಯಾರೋ ಫೇಸ್‌ಬುಕ್‌ನಲ್ಲಿ ಬರೆದರು ಎನ್ನಿ. ಖಜಾಂಚಿ ‘ರಿಪೋರ್ಟ್’ ಒತ್ತಿ ಕಾಯುತ್ತಾರೆ, ಉತ್ತರ ಬಾರದಿದ್ದರೆ ಮತ್ತೆ ಒತ್ತುತ್ತಾರೆ. ಆದರೆ 2015ರ ಶ್ರೇಯಾ ಸಿಂಘಾಲ್ ತೀರ್ಪಿನ ಪ್ರಕಾರ, ಕೋರ್ಟಿನ ಅಥವಾ ಸರ್ಕಾರದ ಆದೇಶ ತಲುಪಿದ ಮೇಲೂ ತೆಗೆಯದಿದ್ದರೆ ಮಾತ್ರ ಜಾಲತಾಣದ ಕಂಪನಿ ಕಾನೂನಿನ ರಕ್ಷಣೆ ಕಳೆದುಕೊಳ್ಳುತ್ತದೆ. ದೇಣಿಗೆಯ ಲೆಕ್ಕ ಸರಿಯೋ ತಪ್ಪೋ ಎಂದು ಕಂಪನಿ ತೀರ್ಮಾನಿಸುವುದಿಲ್ಲ. ರಿಪೋರ್ಟ್ ಮಾಡಿ, ಕುಂದುಕೊರತೆ ಅಧಿಕಾರಿಗೂ ಬರೆಯಿರಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಅದಕ್ಕೂ ಮೊದಲು, ಪೋಸ್ಟು ಅಳಿಸಿಹೋಗುವ ಮುನ್ನವೇ, ದಿನಾಂಕ, ಬರೆದವರ ಖಾತೆ ಮತ್ತು ಪೋಸ್ಟಿನ ಪೂರ್ಣ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಓದಿದ ಇಬ್ಬರಾದರೂ ಸಾಕ್ಷಿಗೆ ಒಪ್ಪಿದರೆ ಒಳ್ಳೆಯದು. ಆಮೇಲೆ ಬರೆದವರಿಗೆ ನೇರವಾಗಿ, ಬೈಗುಳವಿಲ್ಲದೆ, ಬರಹದಲ್ಲೇ ಕೇಳಬೇಕು: ‘ದೇಣಿಗೆ ನುಂಗಿದ್ದಾರೆ ಎಂಬ ನಿಮ್ಮ ವಾಕ್ಯ ಸುಳ್ಳು. ಲೆಕ್ಕಪರಿಶೋಧನೆಯ ವರದಿ ಜೊತೆಗಿದೆ. ಒಂದು ವಾರದಲ್ಲಿ ತೆಗೆದು, ತಿದ್ದುಪಡಿ ಹಾಕಿ.’ ಬೆದರಿಕೆ ಸೇರಿಸಿದರೆ ಆ ಸಂದೇಶವೇ ಮುಂದಿನ ಪೋಸ್ಟಾಗುತ್ತದೆ.

ಉತ್ತರ ಬಾರದೆ, ಬರೆದವರು ಯಾರೆಂದು ಗೊತ್ತಿದ್ದು, ಮಾತು ಅಭಿಪ್ರಾಯವಲ್ಲದೆ ಸುಳ್ಳೆಂದು ತೋರಿಸಬಲ್ಲ ಆರೋಪವಾಗಿದ್ದರೆ ವಕೀಲರ ನೋಟಿಸ್ ಸೂಕ್ತ. ‘ಖಜಾಂಚಿ ಕೆಲಸಕ್ಕೆ ಬಾರದವರು’ ಎಂದಷ್ಟೇ ಬರೆದಿದ್ದರೆ ನೋಟಿಸಿಗೆ ಹಣ ಸುರಿಯಬೇಡಿ. ನೋಟಿಸ್ ಕೊಟ್ಟ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ, ಖಾಸಗಿ ವ್ಯಕ್ತಿಯ ಮೇಲೆ ದಾವೆ ಹೂಡಲು ಅದು ಕಡ್ಡಾಯವೂ ಅಲ್ಲ.

ದೆಹಲಿಯ ತೀರ್ಪು ಕರ್ನಾಟಕದ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಹಾಗೆಂದು ಡ್ಯೂಕನ ಅದೃಷ್ಟ ನಂಬಿ ಕಾಯಬೇಡಿ. ಪೋಸ್ಟು ನಿಮ್ಮ ಕಣ್ಣಿಗೆ ಬಿದ್ದ ದಿನದಿಂದಲ್ಲ, ಮೊದಲು ಪ್ರಕಟವಾದ ದಿನದಿಂದ ವರ್ಷ ಎಣಿಸಿ, ಅದು ತುಂಬುವುದಕ್ಕೆ ಕೆಲವು ತಿಂಗಳು ಮೊದಲೇ ವಕೀಲರನ್ನು ಕಾಣಿ.