ಗುಡಿಯಿಂದ ಎದ್ದ ಮೂರ್ತಿ ಯಾರ ಸ್ವತ್ತು?

‘ವಾತಾಪಿ ಗಣಪತಿಂ’ ಕೇಳದವರು ಕಡಿಮೆ. ವಾತಾಪಿ ಎಂದರೆ ನಮ್ಮ ಬಾದಾಮಿ. ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದಾಗ ಅವನ ಸೇನಾಪತಿ ಇಲ್ಲಿಯ ಗಣಪತಿಯನ್ನು ತಮಿಳುನಾಡಿನ ತಿರುಚೆಂಗಾಟ್ಟಂಗುಡಿಗೆ ಒಯ್ದ ಎಂಬ ಐತಿಹ್ಯವಿದೆ. ಆ ಕಾಲದಲ್ಲಿ ಗೆದ್ದ ಊರಿನ ದೇವರನ್ನು ಹೊತ್ತೊಯ್ಯುವುದು ವಿಜಯದ ಗುರುತಾಗಿತ್ತು. ಈಗ ಯಾರಾದರೂ ಬಾದಾಮಿಯ ಒಂದು ಗುಡಿಯಿಂದ ಗಣಪತಿಯನ್ನು ಎಬ್ಬಿಸಿಕೊಂಡು ಹೋದರೆ ಅದು ಕಳವು. ಅದನ್ನು ಲಕ್ಷ ರೂಪಾಯಿ ಕೊಟ್ಟು, ರಸೀದಿ ಪಡೆದು ಕೊಂಡವನ ಕೈಯಲ್ಲಿದ್ದರೂ ಅದು ಕಳವಿನ ಮಾಲೇ. ಹೇಗೆ?

ದೇವರೇ ಮಾಲೀಕ

ಭಾರತದ ಕಾನೂನಿನಲ್ಲಿ ಪ್ರತಿಷ್ಠಾಪನೆಯಾದ ಹಿಂದೂ ದೇವರ ಮೂರ್ತಿಗೆ ವ್ಯಕ್ತಿಯ ಸ್ಥಾನವಿದೆ. 1925ರಲ್ಲಿ ಪ್ರಿವಿ ಕೌನ್ಸಿಲ್ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ದೇವರ ಹೆಸರಿನಲ್ಲಿ ಆಸ್ತಿ ಇರಬಹುದು, ದೇವರೇ ದಾವೆ ಹೂಡಬಹುದು. ಪೂಜಾರಿ, ಧರ್ಮದರ್ಶಿ, ಗುಡಿಯ ಕಮಿಟಿಯವರು ಆ ಆಸ್ತಿಯನ್ನು ನೋಡಿಕೊಳ್ಳುವವರು ಮಾತ್ರ. ‘ನಮ್ಮ ಮುತ್ತಜ್ಜನ ಕಾಲದಿಂದ ನಾವೇ ಪೂಜೆ ಮಾಡ್ತೀವಿ’ ಎಂಬ ಮಾತು ಪೂಜೆಯ ಹಕ್ಕಿಗೆ ಆಧಾರವಾದೀತು, ಮಾರುವ ಹಕ್ಕಿಗೆ ಅಲ್ಲ.

ಇನ್ನು ಕೊಂಡವನ ವಿಚಾರ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಮೂಲ ನಿಯಮ ಇಷ್ಟೇ: ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ಕಳ್ಳನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಅಂಗಡಿಗೆ, ಅಂಗಡಿಯಿಂದ ನಿಮಗೆ ಹೀಗೆ ಹತ್ತು ಕೈ ಬದಲಾದರೂ ಮೊದಲನೆಯ ಕೈಯ ಕೊರತೆ ಕೊನೆಯವರೆಗೂ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು ಪೂಜಾಸ್ಥಳದ ಮೂರ್ತಿಯ ಕಳವನ್ನು ಹೆಸರಿಸಿಯೇ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. 317ನೇ ಕಲಮು ಕಳವಿನ ಮಾಲು ಪಡೆದವನಿಗೆ ಸಂಬಂಧಿಸಿದ್ದು. ಕಳವಿನದೆಂದು ಗೊತ್ತಿದ್ದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಅವನೂ ಅಪರಾಧಿ. ಹಳೆಯ ಮೂರ್ತಿ, ಕಾಗದವಿಲ್ಲ, ಬೆಲೆ ಅಗ್ಗ, ‘ಯಾರಿಗೂ ಹೇಳಬ್ಯಾಡ್ರಿ’ ಎಂಬ ಮಾತು ಬೇರೆ. ಇಷ್ಟಾದ ಮೇಲೆ ‘ನನಗೇನೂ ಗೊತ್ತಿರಲಿಲ್ಲ’ ಎಂದರೆ ನಂಬುವವರು ಯಾರು?

ಪಾಳುಗುಡಿಯ ಮೂರ್ತಿಯಾದರೆ?

ಐಹೊಳೆ, ಪಟ್ಟದಕಲ್ಲು, ಬಾದಾಮಿ ಸುತ್ತ ಪೂಜೆ ನಿಂತ ಗುಡಿಗಳು ಬಹಳ. ‘ಅದಕ್ಕೆ ದಿಕ್ಕುದೆಸೆ ಇಲ್ಲ, ತಗೊಂಡರೆ ತಪ್ಪೇನು?’ ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಲಂಡನ್ನಿನ ಕೋರ್ಟಿನಲ್ಲೇ ಸಿಕ್ಕಿದೆ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ ಕೂಲಿಯೊಬ್ಬ ನೆಲ ಅಗೆಯುವಾಗ ಕಂಚಿನ ನಟರಾಜ ಸಿಕ್ಕಿತು. ಅದು ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. 1982ರಲ್ಲಿ ಕೆನಡಾದ ಕಂಪನಿಯೊಂದು ಅದನ್ನು ಹಣ ಕೊಟ್ಟೇ ಕೊಂಡಿತು. ಪತ್ತೂರಿನ ಗುಡಿ ಪಾಳುಬಿದ್ದಿತ್ತು. ಆದರೂ ಆ ಗುಡಿಗೆ ತನ್ನ ಪ್ರತಿನಿಧಿಯ ಮೂಲಕ ದಾವೆ ನಡೆಸುವ ಅಧಿಕಾರವಿದೆ ಎಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಒಪ್ಪಿತು. ನಟರಾಜ ಊರಿಗೆ ಮರಳಿದ. ಪೂಜೆ ನಿಂತರೆ ಒಡೆತನ ನಿಲ್ಲುವುದಿಲ್ಲ. ಹೊಲ ಉಳುವಾಗ ಸಿಕ್ಕಿದ್ದೂ ಸಿಕ್ಕವನದಾಗುವುದಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಆಸ್ಟ್ರೇಲಿಯಾ ಎಡವಿದ್ದು ಎಲ್ಲಿ?

ಕೊಳ್ಳುವವರು ವಿಚಾರಿಸಲೇ ಇಲ್ಲ ಎಂದಲ್ಲ. 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ನಿಂದ ಚೋಳರ ಕಾಲದ ನಟರಾಜನನ್ನು ಸುಮಾರು 50 ಲಕ್ಷ ಡಾಲರಿಗೆ ಕೊಂಡಿತು. ಕಳವಾದ ಕಲಾವಸ್ತುಗಳ ಪಟ್ಟಿಯಲ್ಲಿ ಹುಡುಕಿಸಿತು, ಅಲ್ಲಿ ಇರಲಿಲ್ಲ. ಮೂರ್ತಿಯನ್ನು 1970ರಲ್ಲಿ ದೆಹಲಿಯಲ್ಲಿ ಒಂದು ವಿದೇಶಿ ಕುಟುಂಬ ಕೊಂಡಿತ್ತು ಎಂಬ ಕಾಗದವನ್ನೂ ನೋಡಿತು.

ನಿಜ ಸಂಗತಿಯೆಂದರೆ, ಅದು ತಮಿಳುನಾಡಿನ ಶ್ರೀಪುರಂತಾನ್ ಗುಡಿಯಿಂದ ಕದ್ದದ್ದು. ಪೂಜೆಯಿಲ್ಲದೆ ಬೀಗ ಹಾಕಿದ್ದ ಗುಡಿಯಾದ್ದರಿಂದ ಕಳವಾದದ್ದೇ ತಡವಾಗಿ ತಿಳಿಯಿತು. ದೂರು ಇಲ್ಲದ ಕಳವು ಪಟ್ಟಿಗೆ ಸೇರುವುದಾದರೂ ಹೇಗೆ? ಕಾಗದದಲ್ಲಿದ್ದ ಇಸವಿಯೂ ಸುಮ್ಮನೆ ಆರಿಸಿದ್ದಲ್ಲ. ನಮ್ಮ ಪುರಾತನ ವಸ್ತುಗಳ ಕಾಯ್ದೆ ಬಂದದ್ದು 1972ರಲ್ಲಿ. ಅದಕ್ಕಿಂತ ಮೊದಲೇ ಕೈಬದಲಾಗಿತ್ತು ಎಂದು ತೋರಿಸುವುದೇ ಕಳ್ಳಮಾಲಿನ ಹಳೆಯ ಉಪಾಯ. ಆದರೆ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1990ರ ದಶಕದಲ್ಲಿ ಅದೇ ಗುಡಿಯಲ್ಲಿ ಅದೇ ನಟರಾಜನ ಫೋಟೊ ತೆಗೆದಿದ್ದರು. 1970ರಲ್ಲಿ ದೆಹಲಿಯಲ್ಲಿ ಮಾರಾಟವಾದ ಮೂರ್ತಿ ಇಪ್ಪತ್ತು ವರ್ಷದ ಮೇಲೆ ಗುಡಿಯಲ್ಲಿ ಇರುವುದು ಸಾಧ್ಯವಿಲ್ಲ! ಆ ಫೋಟೊದ ಮುಂದೆ ಕಾಗದ ನಿಲ್ಲಲಿಲ್ಲ. 2014ರಲ್ಲಿ ಮೂರ್ತಿ ಭಾರತಕ್ಕೆ ಬಂತು.

ನಮ್ಮಲ್ಲಿ ನೋಡುವ ಬಗೆ

ಇಳಕಲ್ಲಿನಲ್ಲೋ ಹುನಗುಂದದಲ್ಲೋ ಒಬ್ಬರು ನಿಮ್ಮ ಮನೆಗೆ ಹಳೆಯ ಹಿತ್ತಾಳೆಯ ಉತ್ಸವಮೂರ್ತಿ ತಂದರು ಎಂದುಕೊಳ್ಳಿ.

ಮೊದಲು ಮೂರ್ತಿಯನ್ನೇ ನೋಡಿ. ಪೀಠದಲ್ಲಿ ತೂತು ಅಥವಾ ಬಳೆ ಇದ್ದರೆ ಅದನ್ನು ಪಲ್ಲಕ್ಕಿಗೋ ಅಡ್ಡೆಗೋ ಕಟ್ಟಿ ಮೆರೆಸುತ್ತಿದ್ದರು ಎಂದರ್ಥ. ಮನೆದೇವರಿಗೆ ಅದು ಬೇಕಿಲ್ಲ. ಪೀಠದ ಸುತ್ತ, ಗಂಟೆಯ ಅಂಚಿನಲ್ಲಿ, ಪ್ರಭಾವಳಿಯ ಹಿಂದೆ ಊರಿನ ಹೆಸರೋ ಭಕ್ತರ ಹೆಸರೋ ಕೆತ್ತಿರುತ್ತಾರೆ. ಅಕ್ಷರಗಳ ಜಾಗ ಹೊಸದಾಗಿ ಉಜ್ಜಿದಂತಿದ್ದರೆ ಅನುಮಾನಿಸಿ. ಕಲ್ಲಿನದಾದರೆ ಹಿಂಬದಿ ನೋಡಿ. ನೂರಾರು ವರ್ಷ ಗಾಳಿಮಳೆಗೆ ಕಪ್ಪಾದ ಮುಂಬದಿ, ಆದರೆ ಹಿಂದೆ ಹೊಸ ಉಳಿಯ ಗುರುತು, ತಿಳಿಬಣ್ಣದ ಒಡಕು ಇದ್ದರೆ ಗೋಡೆಯಿಂದ ಈಚೆಗೆ ಕಿತ್ತಿರುವ ಸಾಧ್ಯತೆ ಹೆಚ್ಚು.

ಆಮೇಲೆ ಕಾಗದ. ನೂರು ವರ್ಷ ಮೀರಿದ ಶಿಲ್ಪ, ಲೋಹಮೂರ್ತಿಗಳನ್ನು 1972ರ ಕಾಯ್ದೆಯಡಿ ನೋಂದಾಯಿಸಬೇಕು. ಕೈ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ವ್ಯಾಪಾರಿಗೆ ಪರವಾನಗಿ ಬೇಕು. ನೋಂದಣಿಯ ಫೋಟೊದಲ್ಲಿರುವ ಬೆರಳಿನ ಮುರುಕು, ಕಿರೀಟದ ಸವೆತ ಎದುರಿನ ಮೂರ್ತಿಯಲ್ಲೂ ಇದೆಯೇ ಎಂದು ಹೋಲಿಸಿ. ವಿದೇಶಕ್ಕೆ ಕಳಿಸುವ ಮಾತನ್ನಂತೂ ಬಿಡಿ, ಖಾಸಗಿಯವರಿಗೆ ಅದಕ್ಕೆ ಅವಕಾಶವೇ ಇಲ್ಲ. ‘ಹಳೆಯದಲ್ಲ, ಹಳೆಯದರಂತೆ ಮಾಡಿಸಿದ್ದು’ ಎಂದರೆ ಪುರಾತನವಲ್ಲ ಎಂಬ ಪ್ರಮಾಣಪತ್ರ ಕೇಳಿ. ಅದನ್ನು ಭಾರತೀಯ ಪುರಾತತ್ವ ಇಲಾಖೆ ಕೊಡುತ್ತದೆ.

ಕೊನೆಗೆ ಫೋಟೊ. ನಮ್ಮ ಜಿಲ್ಲೆಗೆ ಈ ಅನುಕೂಲ ಇದೆ. 1874ರಲ್ಲಿ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳ ವರದಿ ಪ್ರಕಟಿಸಿದರು. 1926ರಲ್ಲಿ ಹೆನ್ರಿ ಕಸಿನ್ಸ್ ಚಾಲುಕ್ಯ ಗುಡಿಗಳ ಚಿತ್ರಸಹಿತ ಗ್ರಂಥ ತಂದರು. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಸಂಗ್ರಹದಲ್ಲೂ ಐಹೊಳೆ, ಬಾದಾಮಿಯ ಫೋಟೊಗಳಿವೆ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ಶಿಲ್ಪಗಳು ಈಗ ಮುಂಬೈ ವಸ್ತುಸಂಗ್ರಹಾಲಯದಲ್ಲಿವೆ. ಯಾವ ಊರಿನ ಯಾವ ಗುಡಿಯವು ಎಂಬ ದಾಖಲೆ ಅವುಗಳಿಗಿದೆ. ಕೊಳ್ಳುವವನೂ ಇಷ್ಟನ್ನೇ ಕೇಳಬೇಕು: ಯಾವ ಊರು, ಯಾವ ಗುಡಿ, ಯಾರು ಯಾವ ಅಧಿಕಾರದಿಂದ ಹೊರತಂದರು?

ಆದರೆ ಪ್ರಸಿದ್ಧ ಗುಡಿಗಳ ಫೋಟೊ ಇದ್ದರೂ ಹಳ್ಳಿಯ ದ್ಯಾಮವ್ವನ ಬೆಳ್ಳಿಯ ಮುಖ, ಹನುಮಪ್ಪನ ಗುಡಿಯ ಗಂಟೆ ಈ ಸಂಗ್ರಹಗಳಲ್ಲಿ ಇರುವುದು ಅಪರೂಪ. ಆದ್ದರಿಂದ ಹುಡುಕಿದಾಗ ಸಿಗಲಿಲ್ಲ ಎಂದಮಾತ್ರಕ್ಕೆ ಕಳವಿನದಲ್ಲ ಎಂದಾಗುವುದಿಲ್ಲ. ಶ್ರೀಪುರಂತಾನ್ ನಟರಾಜನೂ ಪಟ್ಟಿಯಲ್ಲಿ ಇರಲಿಲ್ಲವಲ್ಲ! ಅನುಮಾನ ಬಂದರೆ ಕೊಳ್ಳಬೇಡಿ. ಇನ್ನೊಬ್ಬರ ಕಡೆಗೂ ತೋರಿಸಬೇಡಿ. ಪೊಲೀಸ್ ಠಾಣೆಗೆ ತಿಳಿಸಿ.

ನಿಮ್ಮೂರ ಗುಡಿಯ ಕಮಿಟಿ ಒಪ್ಪಿದರೆ ಮೂರ್ತಿ, ಮುಖ, ಗಂಟೆ, ಸಮೆಗಳ ಫೋಟೊ ತೆಗೆಯಲು ಒಂದು ಮೊಬೈಲ್ ಸಾಕು. ಮುಂದೆ, ಹಿಂದೆ, ಪೀಠದ ಅಡಿ, ಇದ್ದರೆ ಬರಹ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ. ಹಾಳೆಯಲ್ಲಿ ಎತ್ತರ, ತೂಕ, ದಿನಾಂಕ. ಒಂದು ಪ್ರತಿ ಕಮಿಟಿಯಲ್ಲಿ, ಇನ್ನೊಂದು ಬೇರೆ ಕಡೆ ಇರಲಿ. ನಾಳೆ ಆ ಗಂಟೆ ದೂರದ ಯಾವುದೋ ಅಂಗಡಿಯಲ್ಲಿ ಕಂಡರೆ, ಅದು ನಮ್ಮೂರದು ಎನ್ನಲು ಆ ಹಾಳೆಯೇ ಸಾಕ್ಷಿ.